ಪೇಪರ್ ಹಾಕೋ ಮುಂಚೆ ನಿನ್ನ ಟ್ರೇಡ್‌ಬುಕ್ ಒಂದ್ಸಲ ಬಿಚ್ಚಿ ನೋಡಪ್ಪ: ಫುಲ್‌ಟೈಮ್ ಟ್ರೇಡಿಂಗ್ ಮಾಡ್ತೀನಿ ಅಂದ ಶಿಷ್ಯನಿಗೆ

ಜುಲೈ 2025

ಹೇಗಿದ್ದೀಯಪ್ಪ,

ಭಾನುವಾರ ರಾತ್ರಿ ನೀನು ಕಳ್ಸಿದ ಮೆಸೇಜ್ ಬೆಳಿಗ್ಗೆ ಕಾಫಿ ಕುಡೀತಾ ಓದ್ದೆ. "ಸರ್, ಆರು ತಿಂಗಳಲ್ಲಿ 1,86,000 ಪ್ರಾಫಿಟ್, ಬಂಡವಾಳ ಬರೀ 5 ಲಕ್ಷ, ಆಫೀಸ್ ಕೆಲಸದ ಮಧ್ಯೆನೇ ಇಷ್ಟು ಬಂದಿದೆ ಅಂದ್ರೆ ಇಡೀ ದಿನ ಕೂತ್ರೆ ಎಷ್ಟಾಗ್ಬಹುದು, ಮುಂದಿನ ತಿಂಗಳು ಪೇಪರ್ ಹಾಕ್ತೀನಿ." ಬರೀ ಸ್ಕ್ರೀನ್‌ಶಾಟ್ ಕಳ್ಸಿದ್ರೆ ನಾನು ಆಲ್ ದ ಬೆಸ್ಟ್ ಅಂತ ಹೇಳಿ ಸುಮ್ನಾಗ್ತಿದ್ನೋ ಏನೋ, ಆದ್ರೆ ನೀನು ಜನವರಿಯಿಂದ ಜೂನ್‌ವರೆಗಿನ ಟ್ರೇಡ್‌ಬುಕ್ ಎಕ್ಸೆಲ್ಲೂ ಕಳ್ಸಿದೀಯಲ್ಲ, ಅದು ನಿನ್ನ ಒಳ್ಳೇ ಗುಣ, ಕಾಲೇಜಲ್ಲೂ ಲೆಕ್ಕ ತಪ್ಪಿದ್ರೆ ತಪ್ಪಿದ್ದನ್ನೇ ತಂದು ತೋರಿಸ್ತಿದ್ದೆ. ಎರಡು ಸಂಜೆ ಕೂತು ಅದನ್ನ ನೋಡಿದೀನಿ. ನಾನು ನೋಡಿದ ಕ್ರಮದಲ್ಲೇ ಬರೀತೀನಿ, ನೀನೂ ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಕೊಂಡು ಅದೇ ಕ್ರಮದಲ್ಲಿ ಮಾಡು.

ಬುದ್ಧಿ ಹೇಳೋಕೆ ನಾನೇನು ದೊಡ್ಡ ಸಾಧಕ ಅಲ್ಲ. 2008ರ ಜನವರಿ 21ರ ಸೋಮವಾರ ಸೆನ್ಸೆಕ್ಸ್ 1,400 ಪಾಯಿಂಟ್ ಬಿತ್ತಲ್ಲ, ಆವತ್ತು ನನ್ನ ಹತ್ರ ನಿಫ್ಟಿ ಫ್ಯೂಚರ್ಸ್ ಇತ್ತು. ಮಾರನೇ ದಿನ ಸರ್ಕ್ಯೂಟ್ ಬಿದ್ದು ಮಾರ್ಕೆಟ್ ನಿಂತಿತು, ಮತ್ತೆ ತೆರೆದಾಗ ಮಾರ್ಜಿನ್ ಸಾಲದು ಅಂತ ಬ್ರೋಕರೇ ನನ್ನ ಪೊಸಿಷನ್ ಕಟ್ ಮಾಡಿದ. ನಾಲ್ಕು ತಿಂಗಳ ಸಂಬಳ ಹೋಯ್ತು, ಆದ್ರೆ ಫೆಬ್ರವರಿ ಒಂದನೇ ತಾರೀಖು ಸಂಬಳ ಬಂತು ನೋಡು, ಅದಕ್ಕೇ ಮನೆ ನಡೀತು.

ಮೊದಲು ಖರ್ಚು ಕಳಿ

ನಿನ್ನ ಸ್ಕ್ರೀನ್‌ಶಾಟ್‌ನಲ್ಲಿರೋ 1,86,000 ಗ್ರಾಸ್. ಆ್ಯಪ್‌ನ ಪಿ ಅಂಡ್ ಎಲ್ ಪೇಜಲ್ಲಿ ಹಸಿರು ಬಣ್ಣದಲ್ಲಿ ದೊಡ್ಡದಾಗಿ ಕಾಣೋದು ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರೋ ವ್ಯತ್ಯಾಸ ಅಷ್ಟೇ, ಚಾರ್ಜಸ್ ಕೆಳಗೆಲ್ಲೋ ಚಿಕ್ಕ ಅಕ್ಷರದಲ್ಲಿರುತ್ತೆ. ಸರಿಯಾದ ಲೆಕ್ಕ ಬೇಕಂದ್ರೆ ಬ್ರೋಕರ್ ದಿನಾ ಮೇಲ್ ಮಾಡೋ ಕಾಂಟ್ರ್ಯಾಕ್ಟ್ ನೋಟ್ ತೆಗಿ. ನಿಂದು ಹೆಚ್ಚಾಗಿ ಒಂದೇ ಲಾಟ್ ನಿಫ್ಟಿ ಆಪ್ಷನ್, ಅಂದ್ರೆ 2025ರ ಈ ಆರು ತಿಂಗಳಲ್ಲಿ 75 ಕ್ವಾಂಟಿಟಿ, ಪ್ರೀಮಿಯಂ ಸರಾಸರಿ 120ರ ಸುತ್ತ. ಹಾಗಾದ್ರೆ ಒಂದು ಸಲ ಕೊಂಡು ಮಾರೋಕೆ ಎಷ್ಟು ಬೀಳುತ್ತೆ ನೋಡೋಣ.

ಕೊಳ್ಳೋಕೆ 20, ಮಾರೋಕೆ 20, ಬ್ರೋಕರೇಜೇ 40 ರೂಪಾಯಿ. ಮಾರಿದ ಪ್ರೀಮಿಯಂ 9,000ದ ಮೇಲೆ ಎಸ್‌ಟಿಟಿ ಅನ್ನೋ ತೆರಿಗೆ ಈ ಆರು ತಿಂಗಳಲ್ಲಿ 0.1 ಪರ್ಸೆಂಟ್ ಇತ್ತು, ಅಂದ್ರೆ 9 ರೂಪಾಯಿ (2024ರ ಅಕ್ಟೋಬರ್‌ಗೆ ಮುಂಚೆ ಇದು 0.0625 ಇತ್ತು, ಬಜೆಟ್ ಬಂದಾಗೆಲ್ಲ ಇದನ್ನ ಒಂದ್ಸಲ ಚೆಕ್ ಮಾಡ್ತಿರು). ಎಕ್ಸ್‌ಚೇಂಜ್ ಚಾರ್ಜ್ ಎರಡೂ ಕಡೆ ಸೇರಿ ಆರು ರೂಪಾಯಿ ಚಿಲ್ಲರೆ. ಬ್ರೋಕರೇಜ್ ಮತ್ತೆ ಎಕ್ಸ್‌ಚೇಂಜ್ ಚಾರ್ಜ್ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಎಂಟು ರೂಪಾಯಿ ಚಿಲ್ಲರೆ. ಸ್ಟ್ಯಾಂಪ್ ಡ್ಯೂಟಿ ಮತ್ತೊಂದಿಷ್ಟು ಪೈಸೆ. ಎಲ್ಲಾ ಸೇರಿ ಸುಮಾರು 64 ರೂಪಾಯಿ.

ಅರವತ್ನಾಲ್ಕು ತಾನೇ ಅಂತೀಯ. ನೀನು ಆರು ತಿಂಗಳಲ್ಲಿ, ಸುಮಾರು 120 ದಿನದಲ್ಲಿ, 600 ಸಲ ಕೊಂಡು ಮಾರಿದೀಯ, ದಿನಕ್ಕೆ ಐದು. 600 ಇಂಟು 64 ಅಂದ್ರೆ 38,400. ಇದೇ ಸ್ಪೀಡಲ್ಲಿ ಹೋದ್ರೆ ವರ್ಷಕ್ಕೆ 76,800, ನಿನ್ನ 5 ಲಕ್ಷದ ಮೇಲೆ 15 ಪರ್ಸೆಂಟ್‌ಗಿಂತ ಜಾಸ್ತಿ. ಎಫ್‌ಡಿ ಬಡ್ಡಿಗಿಂತ ಎರಡರಷ್ಟು ದುಡ್ಡು ಬರೀ ಟೋಲ್ ಕಟ್ಟೋಕೇ ಹೋಗ್ತಿದೆ, ಅಷ್ಟು ದುಡಿದ ಮೇಲೆ ನಿನ್ನ ಮೊದಲ ರೂಪಾಯಿ ಲಾಭ ಶುರು. ಇನ್ನೊಂದು ವಿಷಯ, ನಿನ್ನ ಫ್ರೆಂಡ್ ನಿಜವಾದ ದುಡ್ಡು ಹಾಕದೆ ಪೇಪರ್ ಟ್ರೇಡಿಂಗ್‌ನಲ್ಲಿ ಮಾಡಿದ ರಿಸಲ್ಟ್ ಕೂಡ ಕಳ್ಸಿದೀಯಲ್ಲ, ಅದನ್ನ ನಂಬಬೇಡ. ಸ್ಕ್ರೀನಲ್ಲಿ ಕಂಡ ರೇಟಿಗೂ ನಿಜವಾಗಿ ಸಿಗೋ ರೇಟಿಗೂ ಮಧ್ಯೆ ಎರಡೂ ಕಡೆ ಅರ್ಧರ್ಧ ರೂಪಾಯಿ ಜಾರಿದ್ರೂ 75 ಕ್ವಾಂಟಿಟಿಗೆ ಮತ್ತೆ 75 ರೂಪಾಯಿ ಹೋಯ್ತು. ನಿನ್ನ ನಿಜವಾದ ಟ್ರೇಡ್‌ನಲ್ಲಿ ಅದು ಆಗಲೇ ರೇಟಲ್ಲೇ ಸೇರ್ಕೊಂಡಿದೆ, ಅವನದ್ರಲ್ಲಿ ಇಲ್ಲ.

ಎರಡನೇದು, ದೊಡ್ಡ ದಿನಗಳನ್ನ ತೆಗೆದು ನೋಡು

ಪಿ ಅಂಡ್ ಎಲ್ ಕಾಲಂನ ದೊಡ್ಡದ್ರಿಂದ ಚಿಕ್ಕದಕ್ಕೆ ಸಾರ್ಟ್ ಮಾಡ್ದೆ. ಮೇಲಿನ ಎರಡು ಲೈನ್ ನೋಡಿ ಕಾಫಿ ಲೋಟ ಕೆಳಗಿಟ್ಟೆ. ಒಂದು ಏಪ್ರಿಲ್ 7, ಟ್ರಂಪ್ ಟ್ಯಾರಿಫ್ ಗಲಾಟೆಗೆ ಮಾರ್ಕೆಟ್ ಗ್ಯಾಪ್‌ಡೌನ್ ಆದ ಸೋಮವಾರ. ಶುಕ್ರವಾರ 150ಕ್ಕೆ ಕೊಂಡ ಪುಟ್ ಸೋಮವಾರ 850ಕ್ಕೆ ಹೋಗಿದೆ, ಒಂದು ಲಾಟ್‌ಗೆ 52,500. ಇನ್ನೊಂದು ಮೇ 12. ಶನಿವಾರ ಸಂಜೆ ಪಾಕಿಸ್ತಾನದ ಜೊತೆ ಕದನವಿರಾಮ ಅಂತ ಘೋಷಣೆ ಆಯ್ತು, ಸೋಮವಾರ ನಿಫ್ಟಿ ಒಂದೇ ದಿನಕ್ಕೆ 900 ಪಾಯಿಂಟ್‌ಗಿಂತ ಜಾಸ್ತಿ ಏರ್ತು. ನಿನ್ನ ಹತ್ರ ಶುಕ್ರವಾರ 250ಕ್ಕೆ ಕೊಂಡ ಕಾಲ್ ಎರಡು ಲಾಟ್ ಇತ್ತು, 850ಕ್ಕೆ ಮಾರಿದೀಯ, 90,000.

ಎರಡೂ ಸೇರಿ 1,42,500. ಎಕ್ಸೆಲ್‌ನಲ್ಲಿ ನೀನೇ ಮಾಡಿ ನೋಡು, ಜಿ ಕಾಲಂನಲ್ಲಿ ಪಿ ಅಂಡ್ ಎಲ್ ಇದ್ರೆ ಹೀಗೆ:

```
=SUM(G2:G601)-LARGE(G2:G601,1)-LARGE(G2:G601,2)
```

ಉತ್ತರ 43,500 ಬರುತ್ತೆ. ಅದ್ರಿಂದ ಚಾರ್ಜಸ್ 38,400 ಕಳಿ. ಉಳಿಯೋದು 5,100 ರೂಪಾಯಿ. ಆರು ತಿಂಗಳು, ಹತ್ರತ್ರ 600 ಟ್ರೇಡ್, ತಿಂಗಳಿಗೆ 850 ರೂಪಾಯಿ ಕಣಪ್ಪ.

ನೀನು ಈಗ ಏನಂತೀಯ ಅಂತ ಗೊತ್ತು. "ಸರ್, ಟ್ರೇಡಿಂಗ್ ಅಂದ್ರೇನೇ ಹಾಗೆ, ಸಣ್ಣ ಸಣ್ಣ ಲಾಸ್ ತಗೊಂಡು ಒಂದೆರಡು ದೊಡ್ಡ ಮೂವ್ ಹಿಡಿಯೋದು." ಒಪ್ತೀನಿ, ಹಾಗೆ ದುಡಿಯೋರು ಇದ್ದಾರೆ, ವರ್ಷದ ಲಾಭ ಪೂರ್ತಿ ನಾಲ್ಕೈದು ದಿನದಲ್ಲೇ ಬರುತ್ತೆ ಅವರಿಗೆ. ಆದ್ರೆ ಅವರು ಅದಕ್ಕೆ ಮೊದಲೇ ರೂಲ್ ಬರೆದಿಟ್ಟಿರ್ತಾರೆ, ಪ್ರತಿ ಸಲ ಅದೇ ಸೈಜಲ್ಲಿ ಅದೇ ರೀತಿ ಮಾಡ್ತಾರೆ. ನಿಂದು ಹಾಗಿದೆಯಾ ಅಂತ ನೋಡೋಕೆ ಒಂದು ಸುಲಭದ ದಾರಿ ಇದೆ. ಕೊಂಡ ದಿನ, ಮಾರಿದ ದಿನ ಬೇರೆ ಬೇರೆ ಇರೋ ಟ್ರೇಡ್ ಮಾತ್ರ ಫಿಲ್ಟರ್ ಮಾಡು. ನಿನ್ನ ಶೀಟಲ್ಲಿ ಅಂಥವು 11 ಇವೆ, ಒಂಬತ್ತು ಲಾಸ್. ಆ 11ರಲ್ಲೂ ಕೊಂಡ ದಿನ ಮಧ್ಯಾಹ್ನ ಮೂರೂವರೆಗೆ ಎಷ್ಟಿತ್ತು ಅಂತ ಚಾರ್ಟ್ ತೆಗೆದು ನೋಡ್ದೆ, ಎಲ್ಲವೂ ಆ ಹೊತ್ತಿಗೆ ಲಾಸಲ್ಲಿದ್ವು. ಅಂದ್ರೆ ನೀನು ದೊಡ್ಡ ಮೂವ್ ಬರುತ್ತೆ ಅಂತ ಇಟ್ಕೊಂಡಿದ್ದಲ್ಲ, ಲಾಸ್ ಒಪ್ಕೊಳ್ಳೋಕೆ ಆಗದೆ "ನಾಳೆ ನೋಡೋಣ" ಅಂತ ಬಿಟ್ಟಿದ್ದು. ಎರಡು ಸಲ ಆ ನಾಳೆ ನಿನ್ನ ಕಡೆ ಬಂತು. ಯುದ್ಧ ನಡೀತಿರೋ ವಾರದ ಕೊನೇಲಿ ಯಾರಾದ್ರೂ ರೂಲ್ ಪ್ರಕಾರ ಎರಡು ಲಾಟ್ ಕಾಲ್ ಇಟ್ಕೊಂಡು ಮಲಗ್ತಾರಾ ಹೇಳು. ಆ ಶನಿವಾರ ಬೇರೆ ಸುದ್ದಿ ಬಂದಿದ್ರೆ 37,500 ಸೋಮವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಹೆಚ್ಚೂಕಮ್ಮಿ ಪೂರ್ತಿ ಹೋಗಿರ್ತಿತ್ತು.

ಮೂರನೇದು, ಇದೇ ಮುಖ್ಯ: ದಿನದ ಎಷ್ಟನೇ ಟ್ರೇಡ್ ಅಂತ ನಂಬರ್ ಹಾಕು

ಇದನ್ನ ಯಾರೂ ಮಾಡಲ್ಲ. ಪ್ರತಿ ಟ್ರೇಡ್ ಮುಂದೆ ಒಂದು ಕಾಲಂ ಸೇರಿಸಿ ಅದು ಆವತ್ತಿನ ಒಂದನೇದಾ, ಎರಡನೇದಾ, ಐದನೇದಾ ಅಂತ ಬರಿ. ಆಮೇಲೆ ಒಂದು ಮತ್ತೆ ಎರಡನೇ ಟ್ರೇಡ್‌ಗಳ ಮೊತ್ತ ಬೇರೆ, ಮೂರರಿಂದ ಮುಂದಿನ ಎಲ್ಲದರ ಮೊತ್ತ ಬೇರೆ ಮಾಡು. ಆ ಎರಡು ದೊಡ್ಡ ಟ್ರೇಡ್ ಬಿಟ್ಟು ಮಾಡ್ದೆ ನಾನು.

ನಿನ್ನ ಮೊದಲ ಎರಡು ಟ್ರೇಡ್‌ಗಳು, ಒಟ್ಟು 240, ಗ್ರಾಸ್ 1,02,000 ಲಾಭದಲ್ಲಿವೆ. ಮೂರನೇದ್ರಿಂದ ಮುಂದಿನವು 58,500 ನಷ್ಟದಲ್ಲಿವೆ, ಅವುಗಳ ಚಾರ್ಜಸ್ ಬೇರೆ. ಟೈಮ್ ನೋಡಿದ್ರೆ ಇನ್ನೂ ಸ್ಪಷ್ಟ. ಮೊದಲೆರಡು ಹೆಚ್ಚಾಗಿ 9:30ರಿಂದ 10:30ರ ಒಳಗೆ, ನೀನು ಆಫೀಸ್ ಲಾಗಿನ್ ಆಗೋಕೆ ಮುಂಚೆ. ಉಳಿದಿದ್ದು ಮೀಟಿಂಗ್ ಮಧ್ಯೆ, ಊಟದ ಟೈಮಲ್ಲಿ, ಮಧ್ಯಾಹ್ನ ಎರಡರ ಮೇಲೆ, ಅದೂ ವರ್ಕ್ ಫ್ರಮ್ ಹೋಮ್ ಇರೋ ದಿನಾನೇ ಜಾಸ್ತಿ. ಒಂದು ಲಾಸ್ ಆಗಿ ಹತ್ತು ನಿಮಿಷದೊಳಗೆ ಮತ್ತೊಂದು ಹಾಕಿರೋದು ಎಷ್ಟು ಸಲ ಅಂತ ಎಣಿಸೋಕೆ ಹೋಗಿ ಬಿಟ್ಬಿಟ್ಟೆ.

ಈಗ ನಿನ್ನ ಮೆಸೇಜ್ ಮತ್ತೆ ಓದು. "ಇಡೀ ದಿನ ಕೂತ್ರೆ ಎಷ್ಟಾಗ್ಬಹುದು." ಇಡೀ ದಿನ ಕೂತ್ರೆ ನಿಂಗೆ ಸಿಗೋದು ಇನ್ನಷ್ಟು ಮೂರನೇ, ನಾಲ್ಕನೇ, ಏಳನೇ ಟ್ರೇಡ್. ದುಡಿಯೋ ಆ ಒಂದು ಗಂಟೆ ನಿಂಗೆ ಈಗಲೇ ಇದೆ, ಅದಕ್ಕೆ ಕೆಲಸ ಬಿಡೋ ಅಗತ್ಯವೇ ಇಲ್ಲ.

ಆದ್ರೆ ಇಲ್ಲೂ ಒಂದು ಗುಂಡಿ ಇದೆ. ನಾನು ಈ ಭಾಗ ಮಾಡಿದ್ದು ಎಲ್ಲಾ ಮುಗಿದ ಮೇಲೆ. ಹಳೇ ಡೇಟಾನ ಹತ್ತು ಥರ ಕತ್ತರಿಸಿದ್ರೆ ಯಾವುದಾದ್ರೂ ಒಂದು ತುಂಡು ಚೆನ್ನಾಗೇ ಕಾಣುತ್ತೆ. ಹಾಗಾಗಿ 1,02,000 ನೋಡಿ ಹಿಗ್ಗಬೇಡ, ಅದು ಇನ್ನೂ ಒಂದು ಊಹೆ. ಚಾರ್ಜಸ್ ಕಳೆದ್ರೆ 86,640, ತಿಂಗಳಿಗೆ 14,440. ಸಂಬಳದ ಜೊತೆಗೆ ಬಂದ್ರೆ ಒಳ್ಳೇ ದುಡ್ಡು, ಸಂಬಳದ ಬದಲಿಗೆ ಅಂದ್ರೆ ಮನೆ ಬಾಡಿಗೆಗೂ ಸಾಲಲ್ಲ.

ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಬಿಟ್ಟ ವರದಿ ಬಗ್ಗೆ ಕ್ಲಾಸಲ್ಲಿ ಮಾತಾಡ್ತಿರ್ತೀನಿ, ನೀನೂ ಕೇಳಿರ್ತೀಯ. ಮೂರು ವರ್ಷದಲ್ಲಿ ಎಫ್ ಅಂಡ್ ಒ ಮಾಡಿದ ಒಂದು ಕೋಟಿಗೂ ಜಾಸ್ತಿ ಜನರಲ್ಲಿ 93 ಪರ್ಸೆಂಟ್ ಜನಕ್ಕೆ ಲಾಸ್, ಖರ್ಚು ಕಳೆದು ಒಂದು ಲಕ್ಷಕ್ಕಿಂತ ಜಾಸ್ತಿ ಉಳಿಸಿದೋರು ಬರೀ 1 ಪರ್ಸೆಂಟ್. ನಂಗೆ ಅದರಲ್ಲಿ ಎದ್ದು ಕಂಡಿದ್ದು ಬೇರೆ ಸಾಲು. ಲಾಭ ಮಾಡಿದ, ತಮ್ಮದೇ ದುಡ್ಡಲ್ಲಿ ಟ್ರೇಡ್ ಮಾಡೋ ಪ್ರೊಪ್ರೈಟರಿ ಡೆಸ್ಕ್‌ಗಳು, ವಿದೇಶಿ ಫಂಡ್‌ಗಳು ಇದಾವಲ್ಲ, ಅವರ ಲಾಭದಲ್ಲಿ 95 ಪರ್ಸೆಂಟ್‌ಗೂ ಮೇಲ್ಪಟ್ಟು ಬಂದಿದ್ದು ಕಂಪ್ಯೂಟರೇ ಆರ್ಡರ್ ಹಾಕೋ ಅಲ್ಗೋ ಟ್ರೇಡಿಂಗ್‌ನಿಂದ. ಮಧ್ಯಾಹ್ನ ಎರಡು ಗಂಟೇಲಿ ನೀನು ಸಿಟ್ಟಲ್ಲಿ ಬೆರಳಿಂದ ಒತ್ತೋ ಆರ್ಡರ್‌ನ ಎದುರು ಕಡೆ ಯಾರು ಕೂತಿರ್ತಾರೆ ಅಂತ ಅದರಿಂದ ತಿಳ್ಕೋ.

ನಾಲ್ಕನೇದು, ಮನೆ ಖರ್ಚು ತೆಗೆದ್ರೆ ಬಂಡವಾಳ ಎಷ್ಟು ದಿನ ನಿಲ್ಲುತ್ತೆ

ಬಾಡಿಗೆ, ದಿನಸಿ, ಬೈಕ್ ಇಎಂಐ, ಊರಿಗೆ ಅಪ್ಪ ಅಮ್ಮಂಗೆ ಕಳ್ಸೋದು, ಎಲ್ಲಾ ಸೇರಿ ತಿಂಗಳಿಗೆ 52,000 ಅಂದಿದೀಯ. ವರ್ಷಕ್ಕೆ 6,24,000. ಬಂಡವಾಳ 5 ಲಕ್ಷ. ಅಂದ್ರೆ ವರ್ಷಕ್ಕೆ 125 ಪರ್ಸೆಂಟ್ ದುಡಿದ್ರೆ ಮನೆ ನಡೆಯುತ್ತೆ, ಬಂಡವಾಳ ಒಂದು ರೂಪಾಯಿ ಬೆಳೆಯಲ್ಲ.

ಸರಿ, ನೀನು ಭಾರಿ ಟ್ರೇಡರ್ ಅಂತಾನೇ ಇಟ್ಕೋ. ಎಲ್ಲಾ ಖರ್ಚು ಕಳೆದು ಪ್ರತಿ ತಿಂಗಳೂ ತಪ್ಪದೆ 5 ಪರ್ಸೆಂಟ್, ಒಂದು ತಿಂಗಳೂ ಲಾಸ್ ಇಲ್ಲ. ಮೊದಲ ತಿಂಗಳು 25,000 ಬಂತು, 52,000 ತೆಗೆದೆ, ಉಳಿದಿದ್ದು 4,73,000. ಎರಡನೇ ತಿಂಗಳ 5 ಪರ್ಸೆಂಟ್ ಈ ಚಿಕ್ಕ ಮೊತ್ತದ ಮೇಲೆ, 23,650 ಬಂತು, 52,000 ತೆಗೆದೆ, 4,44,650. ಹೀಗೇ ಹೋದ್ರೆ ಆರನೇ ತಿಂಗಳ ಕೊನೆಗೆ 3,16,000, ಹನ್ನೆರಡನೇ ತಿಂಗಳಿಗೆ 70,000, ಹದಿನಾಲ್ಕನೇ ತಿಂಗಳ ಬಾಡಿಗೆ ಕಟ್ಟೋಕೆ ದುಡ್ಡಿಲ್ಲ. ಒಂದೂ ತಿಂಗಳು ಸೋಲದೇ ಇದ್ರೂ ಇಷ್ಟೇ.

ನಿಜದಲ್ಲಿ ಇದಕ್ಕಿಂತ ಬೇಗ ಮುಗಿಯುತ್ತೆ, ಯಾಕಂದ್ರೆ ಬಂಡವಾಳ ಕರಗ್ತಾ ಬಂದಾಗ ಮನುಷ್ಯ ಲಾಟ್ ಜಾಸ್ತಿ ಮಾಡ್ತಾನೆ. ಇಪ್ಪತ್ತೈದನೇ ತಾರೀಖಾದ್ಮೇಲೆ ನಿನ್ನ ಸೈಜ್ ದೊಡ್ಡದಾಗ್ತಿದೆ ಅಂತ ಕಂಡ್ರೆ ಕಾಯಿಲೆ ಶುರುವಾಗಿದೆ ಅಂತ್ಲೇ ಲೆಕ್ಕ. ಇದನ್ನ ತಡೆಯೋಕೆ ಬಂಡವಾಳ ಜಾಸ್ತಿ ಇರ್ಬೇಕು. ವರ್ಷಕ್ಕೆ 24 ಪರ್ಸೆಂಟ್ ಬರುತ್ತೆ ಅಂದ್ಕೊಂಡ್ರೂ, ಅದೇ ಬಹಳ ಜಾಸ್ತಿ, 26 ಲಕ್ಷ ಬೇಕು. ಅದರ ಹೊರಗೆ ಒಂದೂವರೆ ವರ್ಷದ ಮನೆ ಖರ್ಚು ಬೇರೆ ಕಡೆ ಇಟ್ಟಿರ್ಬೇಕು. ಮಾವನ ಹತ್ರ ಕೇಳೋದು, ಪರ್ಸನಲ್ ಲೋನ್ ತೆಗಿಯೋದು ಇದ್ಯಾವುದೂ ಬಂಡವಾಳ ಅಲ್ಲ, ಪಿಎಫ್ ಅಂತೂ ಮುಟ್ಲೇಬೇಡ, ಐದು ವರ್ಷ ಸರ್ವಿಸ್ ಆಗದೆ ತೆಗೆದ್ರೆ ಟ್ಯಾಕ್ಸೂ ಬೀಳುತ್ತೆ.

ಐದನೇದು, ಕೆಲಸದಲ್ಲಿದ್ದುಕೊಂಡೇ ಕೆಲಸ ಬಿಟ್ಟ ಹಾಗೆ ಬದುಕು

ನಾನು ಯಾರಿಗೂ ಬೇಡ ಅಂತ ಹೇಳಲ್ಲ, ಆರು ತಿಂಗಳು ಹೀಗೆ ಮಾಡಿ ನೋಡು ಅಂತೀನಿ. ಬ್ಯಾಂಕಲ್ಲಿ ಇನ್ನೊಂದು ಅಕೌಂಟ್ ತೆಗಿ. ಒಂದನೇ ತಾರೀಖು ಸಂಬಳ ಬಂದ ತಕ್ಷಣ 78,000 ಪೂರ್ತಿ ಅಲ್ಲಿಗೆ ಹಾಕು, ಅದರ ಡೆಬಿಟ್ ಕಾರ್ಡ್ ನಿನ್ನ ಹೆಂಡತಿ ಹತ್ರ ಇರ್ಲಿ. ಮನೆ ಖರ್ಚಿಗೆ 52,000 ಟ್ರೇಡಿಂಗ್ ಅಕೌಂಟಿಂದ ತೆಗಿ, ಪ್ರತಿ ತಿಂಗಳೂ, ಲಾಸ್ ಆದ ತಿಂಗಳೂ. ಟ್ರೇಡಿಂಗ್ ಅಕೌಂಟಿಗೆ ಹೊಸದಾಗಿ ಒಂದು ರೂಪಾಯಿ ಹಾಕೋಹಾಗಿಲ್ಲ. ದಿನಕ್ಕೆ ಎರಡೇ ಟ್ರೇಡ್, ಒಂದೇ ಲಾಟ್, ಹತ್ತೂವರೆ ಆದ್ಮೇಲೆ ಆ್ಯಪ್ ಮುಚ್ಚು, ರಾತ್ರಿಗೆ ಯಾವ ಪೊಸಿಷನ್ನೂ ಇರಬಾರದು. ಕೊಳ್ಳೋ ಮುಂಚೆ ಒಂದು ನೋಟ್‌ಬುಕ್‌ನಲ್ಲಿ ಯಾಕೆ ಕೊಳ್ತಿದೀನಿ, ಎಲ್ಲಿಗೆ ಬಂದ್ರೆ ಹೊರಗೆ ಅಂತ ಎರಡು ಸಾಲು, ಟೈಮ್ ಸಮೇತ. ಮಾರಿದ ಮೇಲೆ ಬರೆದಿದ್ದಕ್ಕೆ ಬೆಲೆ ಇಲ್ಲ.

ಆರು ತಿಂಗಳಾದ್ಮೇಲೆ ಎರಡೇ ನೋಡು. ಚಾರ್ಜಸ್ ಕಳೆದು ಮೊದಲೆರಡು ದೊಡ್ಡ ಲಾಭ ತೆಗೆದ ಮೇಲೂ ಏನಾದ್ರೂ ಉಳಿದಿದೆಯಾ, ಮತ್ತೆ 52,000 ತೆಗೀತಾ ತೆಗೀತಾ ಬಂಡವಾಳ ಎಲ್ಲಿಗೆ ಬಂದಿದೆ. 3,16,000ಕ್ಕಿಂತ ಕೆಳಗಿದ್ರೆ ನೀನು ಆ ಭಾರಿ ಟ್ರೇಡರ್‌ಗಿಂತ ಹಿಂದಿದೀಯ ಅಂತ ಅರ್ಥ, ಅವನ ದುಡ್ಡೇ ಹದಿಮೂರು ತಿಂಗಳಿಗೆ ಮುಗೀತು. ಮಧ್ಯದಲ್ಲಿ ಯಾವತ್ತಾದ್ರೂ 2,50,000 ಮುಟ್ಟಿದ್ರೆ ಅವತ್ತೇ ಟೆಸ್ಟ್ ಮುಗೀತು. ಈ ನಂಬರನ್ನ ಇವತ್ತೇ ಬರೆದು ಹೆಂಡತಿ ಕೈಗೆ ಕೊಡು. ಹೇಗೂ ಆ ಹೊತ್ತಿಗೆ ಇನ್ನೊಂದು ಅಕೌಂಟಲ್ಲಿ 4,68,000 ಸಂಬಳ ಹಾಗೇ ಕೂತಿರುತ್ತೆ.

ಕಾಗದಪತ್ರದ ವಿಷಯ

ಜನವರಿಯಿಂದ ಮಾರ್ಚ್ ಬೇರೆ ಮಾಡಿ ನೋಡಿದ್ರೆ ನಿನ್ನ ಆ್ಯಪ್ 14,000 ಲಾಭ ತೋರಿಸುತ್ತೆ, ಆ ಮೂರು ತಿಂಗಳ 300 ಟ್ರೇಡ್‌ಗೆ ಚಾರ್ಜಸ್ 19,200. ಅಂದ್ರೆ 2024-25ಕ್ಕೆ ನಿಂದು 5,200 ನಷ್ಟ. ಎಫ್ ಅಂಡ್ ಒ ಅನ್ನೋದು ಬಿಸಿನೆಸ್ ಇನ್‌ಕಮ್, ಹಾಗಾಗಿ ಯಾವಾಗ್ಲೂ ಹಾಕೋ ಐಟಿಆರ್-1 ನಡೆಯಲ್ಲ, ಐಟಿಆರ್-3 ಹಾಕ್ಬೇಕು. ಈ ನಷ್ಟವನ್ನ ಸಂಬಳದ ಎದುರು ಕಳೆಯೋಕೆ ಬರಲ್ಲ, ಆದ್ರೆ ಡ್ಯೂ ಡೇಟ್ ಒಳಗೆ ರಿಟರ್ನ್ ಹಾಕಿದ್ರೆ ಎಂಟು ವರ್ಷ ಮುಂದಕ್ಕೆ ಒಯ್ಯಬಹುದು. "ಲಾಸ್ ತಾನೇ, ಯಾಕೆ ತೋರಿಸ್ಬೇಕು" ಅಂತ ಬಿಡೋರೇ ಜಾಸ್ತಿ, ಮುಂದಿನ ವರ್ಷ ಲಾಭ ಬಂದಾಗ ಕೈ ಕೈ ಹಿಸುಕ್ಕೋತಾರೆ. ಏಪ್ರಿಲ್‌ನಿಂದ ಬಂದ ಲಾಭಕ್ಕೆ ಅಡ್ವಾನ್ಸ್ ಟ್ಯಾಕ್ಸ್ ಲೆಕ್ಕವೂ ನೋಡ್ಕೋ, ಮುಂದಿನ ಕಂತು ಸೆಪ್ಟೆಂಬರ್ 15.

ಇನ್ನೊಂದು, ನಿಮ್ಮಪ್ಪನ ಶುಗರ್. ಈಗ ಅವರು ನಿನ್ನ ಕಂಪನಿ ಗ್ರೂಪ್ ಇನ್ಶೂರೆನ್ಸ್‌ನಲ್ಲಿದ್ದಾರೆ, ನೀನು ಬಿಟ್ಟ ದಿನ ಅದು ಹೋಗುತ್ತೆ. ಹೊಸ ಪಾಲಿಸಿ ತಗೊಂಡ್ರೆ ಮೊದಲೇ ಇರೋ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಹಾಗಾಗಿ ಟೆಸ್ಟ್ ಶುರು ಮಾಡೋ ತಿಂಗಳೇ ಅವರ ಹೆಸರಲ್ಲಿ ಬೇರೆ ಪಾಲಿಸಿ ಮಾಡ್ಸು, ಶುಗರ್ ಇದೆ ಅಂತ ಫಾರ್ಮಲ್ಲಿ ಬರೆದೇ ಮಾಡ್ಸು, ಮುಚ್ಚಿಟ್ರೆ ಕ್ಲೇಮ್ ಬಂದಾಗ ಸಿಕ್ಕಿಹಾಕ್ಕೋತೀಯ. ಗ್ರೂಪ್ ಪಾಲಿಸಿಯಿಂದ ಅದೇ ಇನ್ಶೂರೆನ್ಸ್ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸ್ಕೊಳ್ಳೋಕೆ ಆಗುತ್ತಾ ಅಂತ ಎಚ್‌ಆರ್‌ಗೆ ಮೇಲ್ ಹಾಕಿ ಕೇಳು. ಮನೆ ಲೋನ್ ಯೋಚನೆ ಇದ್ರೆ ಅದೂ ಸಂಬಳದ ಸ್ಲಿಪ್ ಇರುವಾಗ್ಲೇ, ಆಮೇಲೆ ಬ್ಯಾಂಕಿನವರು ಎರಡು ಮೂರು ವರ್ಷದ ಬಿಸಿನೆಸ್ ರಿಟರ್ನ್ ಕೇಳ್ತಾರೆ.

ನಾನು ಮಾಡಿದ ಶೀಟ್ ಇದರ ಜೊತೆಗೇ ಕಳ್ಸಿದೀನಿ. ಚಾರ್ಜಸ್‌ಗೆ 64 ಅಂತ ಸರಾಸರಿ ಹಾಕಿದೀನಿ, ಆ ಎರಡು ದೊಡ್ಡ ಟ್ರೇಡ್‌ಗೆ ಎಸ್‌ಟಿಟಿ ಜಾಸ್ತಿ ಬಿದ್ದಿರುತ್ತೆ, ಕಾಂಟ್ರ್ಯಾಕ್ಟ್ ನೋಟ್ ನೋಡಿ ನಿಜವಾದ ಅಂಕಿ ತುಂಬು. ಪಿಡಿಎಫ್ ಓಪನ್ ಆಗ್ಲಿಲ್ಲ ಅಂತ ಫೋನ್ ಮಾಡ್ಬೇಡ, ಪಾಸ್‌ವರ್ಡ್ ಸಾಮಾನ್ಯವಾಗಿ ನಿನ್ನ ಪ್ಯಾನ್ ನಂಬರೇ ಇರುತ್ತೆ. ಶನಿವಾರ ಸಂಜೆ ಮನೇಲೇ ಇರ್ತೀನಿ, ತುಂಬಿದ ಶೀಟ್ ತಗೊಂಡು ಬಾ, ಬರುವಾಗ ನಿನ್ನ ಹೆಂಡತೀನೂ ಕರ್ಕೊಂಡು ಬಾ, ಆ 2,50,000ದ ವಿಷಯ ಅವಳ ಎದುರಿಗೇ ಮಾತಾಡೋಣ.